‘ದ’ ಬಿದ್ದುಹೋದ ಕರಾರುಪತ್ರ

‘ಟೆನೆಂಟ್ ಶಲ್ ಹ್ಯಾಂಡೋವರ್ ಪ್ರೆಮಿಸಸ್ ಟು ಓನರ್ ವಿದಿನ್ 31 ಮಾರ್ಚ್.’ ಬೆಂಗಳೂರಿನ ಬಾಡಿಗೆ ಕರಾರುಗಳಲ್ಲಿ ಇಂಥ ವಾಕ್ಯ ಅಪರೂಪವೇನಲ್ಲ. ಬರೆದವರ ಮನಸ್ಸಿನಲ್ಲಿದ್ದದ್ದು ‘ಮಾರ್ಚ್ 31ರೊಳಗೆ’. ನಮ್ಮ ‘ಒಳಗೆ’ ದಿನಾಂಕಕ್ಕೂ ಸೈ, ಅವಧಿಗೂ ಸೈ. ಇಂಗ್ಲಿಷಿನ ‘ವಿದಿನ್’ ಮಾತ್ರ ‘30 ಡೇಸ್’ ಥರದ ಅವಧಿಯನ್ನೇ ಕೇಳುತ್ತದೆ. ದಿನಾಂಕವಿದ್ದರೆ ‘ಆನ್ ಆರ್ ಬಿಫೋರ್ 31 ಮಾರ್ಚ್’ ಎನ್ನಬೇಕು. ಚುಟುಕಾಗಿರಲಿ ಎಂದು ಬರೀ ‘ಬಿಫೋರ್’ ಹಾಕಿದರೆ ಬಾಡಿಗೆದಾರ 30ಕ್ಕೇ ಮನೆ ಖಾಲಿ ಮಾಡಬೇಕಾದೀತು. ವ್ಯಾಕರಣ ಸರಿಹೋಯಿತು, ಒಂದು ದಿನ ಕೈತಪ್ಪಿತು.

ಇನ್ನು ಆರ್ಟಿಕಲ್‌ಗಳ ವಿಚಾರ. ಕನ್ನಡದಲ್ಲಿ ಅವು ಇಲ್ಲದ್ದರಿಂದ ಬಿಟ್ಟುಹೋದದ್ದು ಕಣ್ಣಿಗೆ ಕುಟುಕುವುದೇ ಇಲ್ಲ. ಮೇಲಿನ ವಾಕ್ಯದಲ್ಲಿ ‘ದ ಟೆನೆಂಟ್’, ‘ದ ಓನರ್’ ಎಂದು ಸೇರಿಸಿದರೆ ಅಪಾಯವಿಲ್ಲ. ಬಾಡಿಗೆದಾರ ಯಾರು, ಮಾಲೀಕ ಯಾರು ಎಂಬುದು ಮೊದಲ ಪುಟದಲ್ಲೇ ಹೆಸರು ಸಮೇತ ಇರುತ್ತದೆ.

ಕಷ್ಟ ಎದುರಾಗುವುದು ‘ಪಾರ್ಟಿ ಶಲ್ ಗಿವ್ ಟೂ ಮಂತ್ಸ್ ನೋಟಿಸ್’ ಎಂಬಲ್ಲಿ. ಕರಾರಿಗೆ ಇರುವುದು ಇಬ್ಬರು. ‘ದ ಪಾರ್ಟಿ’ ಎಂದರೆ ಅವರಲ್ಲಿ ಯಾರು? ಹಿಂದಿನ ಸಾಲಿನಲ್ಲಿ ಬಾಡಿಗೆದಾರನ ಮಾತಷ್ಟೇ ಇದ್ದರೆ ನೋಟಿಸಿನ ಹೊರೆ ಅವನ ತಲೆಗೇ ಬೀಳಬಹುದು. ಮನೆ ಬಿಡುವವರು, ಬಿಡಿಸುವವರು ಇಬ್ಬರಿಗೂ ಅನ್ವಯಿಸಬೇಕೆಂಬ ಉದ್ದೇಶವಿದ್ದರೆ ‘ಎ ಪಾರ್ಟಿ ವಿಶಿಂಗ್ ಟು ಟರ್ಮಿನೇಟ್ ದಿಸ್ ಅಗ್ರಿಮೆಂಟ್’ ಎಂದು ಬಿಡಿಸಿ ಬರೆಯಬೇಕು. ಉದ್ದೇಶ ಯಾವುದೆಂದು ಕಾಗದ ಹೇಳದಿದ್ದಾಗ ತಿದ್ದುವವರು ಊಹಿಸಬಾರದು, ಸಹಿ ಹಾಕುವವರನ್ನೇ ಕೇಳಬೇಕು.

ಬಾಡಿಗೆ ಏರಿಕೆಯ ಸಾಲಿನಲ್ಲೂ ಇದೇ ಪಾಡು. ‘ಇನ್‌ಕ್ರೀಸ್ಡ್ ಟು 5 ಪರ್ಸೆಂಟ್’ ಎಂದರೆ ಬಾಡಿಗೆ ಶೇ. 5ಕ್ಕೆ ಇಳಿದಂತೆ! ಅದು ‘ಬೈ 5 ಪರ್ಸೆಂಟ್’ ಆದರೆ 20,000 ರೂಪಾಯಿ 21,000 ಆಗುತ್ತದೆ. ‘ಬೈ ಅಪ್ ಟು 5 ಪರ್ಸೆಂಟ್’ ಎಂದರೆ 21,000 ಬರೀ ಗರಿಷ್ಠ ಮಿತಿ. ಏರಿಕೆ ಅದಕ್ಕಿಂತ ಕಡಿಮೆಯೂ ಇರಬಹುದು.

ಹಾಗೆಂದು ಪ್ರತಿಯೊಂದು ಪ್ರಿಪೊಸಿಷನ್ನಿನ ವ್ಯತ್ಯಾಸವೂ ಅರ್ಥ ಕೆಡಿಸುವುದಿಲ್ಲ. ಚೆಕ್ ಬೌನ್ಸ್ ದೂರಿಗೆ ಕಾನೂನು ಕೊಟ್ಟಿರುವ ಗಡುವು ವ್ಯಾಜ್ಯ ಹುಟ್ಟಿದ ದಿನಾಂಕದ ‘ವಿದಿನ್ ಒನ್ ಮಂತ್ ಆಫ್’. ಇಲ್ಲಿ ‘ಆಫ್’ ಇದೆ, ‘ಫ್ರಮ್’ ಇಲ್ಲ. ಹಾಗಾದರೆ ಮೊದಲ ದಿನವನ್ನೂ ಎಣಿಸಬೇಕೇ? 1999ರಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಬೇರೆ ಬೇರೆ ಉತ್ತರ ಕೊಟ್ಟವು. 2013ರಲ್ಲಿ ಈಕಾನ್ ಆಂತ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಎರಡು ಪದಕ್ಕೂ ಲೆಕ್ಕ ಒಂದೇ, ಮೊದಲ ದಿನ ಬಿಡಬೇಕು ಎಂದಿತು. ಅಷ್ಟಾದರೂ ಖಾಸಗಿ ಕರಾರಿನಲ್ಲಿ ‘ಎಕ್ಸ್‌ಕ್ಲೂಡಿಂಗ್ ದ ಡೇಟ್ ಆಫ್ ನೋಟಿಸ್’ ಎಂದು ಸೇರಿಸಿಬಿಟ್ಟರೆ ಎಣಿಕೆಯ ತಕರಾರೇ ಏಳುವುದಿಲ್ಲ.