ಕೈತಪ್ಪಿದ ಗಿರಾಕಿಗೆ ಮತ್ತೆ ಬರೆಯುವಾಗ

“ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ದಿನಕ್ಕೆ ನಾಲ್ಕು ಸಲ ಹೋಗುತ್ತೆ ಸಾರ್. ತಕ್ಕಡಿ ನಿಲ್ಲಲ್ಲ, ನಿಮ್ಮ ಚೀಟಿ ನಿಲ್ಲುತ್ತೆ. ರೈತರನ್ನ ಕಾಯಿಸೋಕೆ ಆಗಲ್ಲ.”

2023ರ ಜುಲೈನಲ್ಲಿ ಸಾಗರದ ಕಡೆಯ ಅಡಿಕೆ ಮಂಡಿಯೊಂದರ ಗುಮಾಸ್ತರು ಹೀಗೆ ಹೇಳಿ ನಮ್ಮ ಕೊಟೇಶನ್ ಪಕ್ಕಕ್ಕಿಟ್ಟರು. ಆಗ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತಿದ್ದೆ. ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೂ ಜಿಎಸ್‌ಟಿಯ ಇ-ಇನ್‌ವಾಯ್ಸ್ ಕಡ್ಡಾಯವಾಗುವುದಿತ್ತು, ಹಾಗಾಗಿ ಮಂಡಿಗಳವರು ಸಾಫ್ಟ್‌ವೇರ್ ಹುಡುಕುತ್ತಿದ್ದ ಕಾಲ ಅದು. ನಮ್ಮದು ಇಂಟರ್‌ನೆಟ್ ಇದ್ದರೆ ಮಾತ್ರ ನಡೆಯುತ್ತಿತ್ತು. ಅವರು ಕಂಪ್ಯೂಟರಿನಲ್ಲೇ ಕೂರುವ ಬೇರೆಯವರ ಸಾಫ್ಟ್‌ವೇರ್ ತೆಗೆದುಕೊಂಡರು.

ಬಸ್ಸಿನಲ್ಲಿ ವಾಪಸ್ ಬರುತ್ತಾ ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದಿಟ್ಟುಕೊಂಡೆ. ಒಂದೂವರೆ ವರ್ಷದ ನಂತರ ಆ ಮಂಡಿಗೆ ನಾನು ಮತ್ತೆ ಕಳಿಸಿದ ಇಮೇಲ್ ನಿಂತದ್ದು ಆ ಟಿಪ್ಪಣಿಯ ಮೇಲೆ. ಆಫೀಸಿನ ಸಿಸ್ಟಮ್‌ನಲ್ಲಿ ವ್ಯಾಪಾರ ಕೈತಪ್ಪಿದ ಕಾರಣ ತುಂಬಲು ನಾಲ್ಕೈದು ಸಿದ್ಧ ಆಯ್ಕೆಗಳಿರುತ್ತವೆ. ಹೆಚ್ಚಿನವರು ‘ಬೆಲೆ’ ಎಂದು ಒತ್ತಿ ಮುಗಿಸುತ್ತಾರೆ, ಯಾಕೆಂದರೆ ಗಿರಾಕಿಯೂ ಮುಖ ಮುರಿಯಬಾರದೆಂದು ‘ರೇಟ್ ಜಾಸ್ತಿ ಆಯ್ತು’ ಎಂದೇ ಹೇಳಿರುತ್ತಾನೆ. ಹಾಗೆ ತುಂಬಿದ ಪಟ್ಟಿಯಿಂದ ಮುಂದೆ ಯಾರಿಗೂ ಅರ್ಥವಿರುವ ಪತ್ರ ಬರೆಯಲಾಗದು. ಅವರು ಏಕೆ ಬೇಡವೆಂದರು ಎಂಬುದೇ ನಮಗೆ ಗೊತ್ತಿರುವುದಿಲ್ಲ.

2024ರ ನವೆಂಬರಿನಲ್ಲಿ ನಮ್ಮವರು ನೆಟ್ ಇಲ್ಲದಾಗಲೂ ಬಿಲ್ ಮಾಡುವ ವ್ಯವಸ್ಥೆ ಮುಗಿಸಿದರು. ಕೈತಪ್ಪಿದ ಎಲ್ಲರಿಗೂ ಒಂದೇ ಇಮೇಲ್ ಹೋಗಲಿ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ಪಟ್ಟಿಯಲ್ಲಿ 38 ಹೆಸರುಗಳಿದ್ದವು, ನೆಟ್ಟಿನ ಕಾರಣಕ್ಕೆ ಬೇಡವೆಂದವರು 7 ಜನ ಮಾತ್ರ. ಉಳಿದ 31 ಜನರಿಗೆ ಇದು ಸುದ್ದಿಯೇ ಅಲ್ಲ. ಅವರ ತೊಂದರೆ ಬೇರೆ ಇತ್ತು, ಅದು ಹಾಗೇ ಉಳಿದಿತ್ತು. ಅಂಥವರಿಗೆ ಈಗ ಬರೆದರೆ, ಮುಂದೆ ಅವರಿಗೇ ಬೇಕಾದದ್ದು ಸಿದ್ಧವಾದಾಗ ನಮ್ಮ ಪತ್ರವನ್ನು ಅವರು ತೆರೆಯುವುದಿಲ್ಲ.

ಸಿದ್ಧವಾದ ಮರುದಿನವೇ ಬರೆಯಲೂ ಇಲ್ಲ. ಲೆಕ್ಕದ ಸಾಫ್ಟ್‌ವೇರನ್ನು ಯಾರೂ ವರ್ಷದ ನಡುವೆ ಬದಲಿಸುವುದಿಲ್ಲ. ಹಳೇ ಬಾಕಿ, ರೈತರಿಗೆ ಕೊಟ್ಟ ಮುಂಗಡ, ದಾಸ್ತಾನು ಎಲ್ಲ ಏಪ್ರಿಲ್ 1ಕ್ಕೆ ಹೊಸ ಖಾತೆಗೆ ಇಳಿಯುತ್ತವೆ, ಬದಲಾವಣೆಗೆ ಅದೇ ಬಾಗಿಲು. ಈಗಿನ ಸಾಫ್ಟ್‌ವೇರಿನವರಿಗೆ ವರ್ಷದ ಹಣ ಕಟ್ಟುವುದೂ ಅದೇ ಹೊತ್ತಿಗೆ. ಮಾರ್ಚಿನಲ್ಲಿ ಬರೆದರೆ ತಡವಾಗುತ್ತದೆ, ಗುಮಾಸ್ತರು ವರ್ಷದ ಲೆಕ್ಕ ಮುಗಿಸುವುದರಲ್ಲಿ ಮುಳುಗಿರುತ್ತಾರೆ. ಜನವರಿ ಎರಡನೇ ವಾರ ಬರೆದೆ.

ಯಾರಿಗೆ ಬರೆಯುವುದು ಎಂಬುದಕ್ಕೂ ಸ್ವಲ್ಪ ಯೋಚಿಸಿದೆ. ಸಹಿ ಹಾಕುವವರು ಸಾಹುಕಾರರು. ಆದರೆ ಅಡ್ಡಿ ಹೇಳಿದವರು ಗುಮಾಸ್ತರು, ಕೌಂಟರಿನಲ್ಲಿ ಕೂರುವವರೂ ಅವರೇ. ಅವರಿಗೆ ಗೊತ್ತಾಗದಂತೆ ಸಾಹುಕಾರರಿಗೆ ಬರೆದರೆ, ಅವರು ಅಂದು ತಪ್ಪು ತೀರ್ಮಾನ ಮಾಡಿದರೆಂದು ದೂರಿದ ಹಾಗಾಗುತ್ತದೆ. ಗುಮಾಸ್ತರ ಹಳೇ ಇಮೇಲಿಗೇ ಉತ್ತರವಾಗಿ ಬರೆದೆ, ಹಳೇ ಕೊಟೇಶನ್ ಕೆಳಗೇ ಕಾಣುವಂತೆ. ಪತ್ರ ಇಷ್ಟೇ:

“ನಮಸ್ಕಾರ ಸಾರ್. 2023ರ ಜುಲೈನಲ್ಲಿ ನಿಮ್ಮ ಮಂಡಿಗೆ ಬಂದಿದ್ದೆ. ನೆಟ್ ಹೋದರೆ ನಮ್ಮ ಚೀಟಿ ನಿಲ್ಲುತ್ತದೆ, ರೈತರನ್ನು ಕಾಯಿಸಲಾಗದು ಎಂದಿದ್ದಿರಿ. ಆ ಮಾತು ಸರಿಯಾಗಿತ್ತು. ಈಗ ತೂಕದ ಚೀಟಿ ಮತ್ತು ರೈತರ ಬಿಲ್ ಎರಡೂ ನೆಟ್ ಇಲ್ಲದೆಯೇ ಬರುತ್ತವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇ-ಇನ್‌ವಾಯ್ಸ್‌ಗೆ ಮಾತ್ರ ನೆಟ್ ಬೇಕೇ ಬೇಕು, ಅದು ಬರುವವರೆಗೆ ಲಾರಿ ಬಿಡಲಾಗದು. ದರ ಅಂದು ಹೇಳಿದ್ದೇ. ನೀವು ಈಗಿರುವುದರಲ್ಲೇ ನೆಮ್ಮದಿಯಾಗಿದ್ದರೆ ಹಾಗೆಂದು ಒಂದು ಸಾಲು ಬರೆಯಿರಿ, ಮತ್ತೆ ತೊಂದರೆ ಕೊಡುವುದಿಲ್ಲ. ನೋಡಬೇಕೆನಿಸಿದರೆ ಅರ್ಧ ಗಂಟೆ ಸಾಕು, ನಿಮ್ಮ ಕೌಂಟರಿನಲ್ಲೇ ತೋರಿಸುತ್ತೇನೆ.”

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇ-ಇನ್‌ವಾಯ್ಸ್ ಮಾತು. ಅದರ ನಂಬರ್ ಸರ್ಕಾರ ಅಧಿಕೃತಗೊಳಿಸಿದ ಪೋರ್ಟಲ್‌ನಿಂದಲೇ ಬರಬೇಕು, ಯಾವ ಸಾಫ್ಟ್‌ವೇರ್ ಬರೆದವರೂ ಅದನ್ನು ನೆಟ್ ಇಲ್ಲದೆ ಕೊಡಲಾರರು. ‘ಇನ್ನು ಎಲ್ಲವೂ ಆಫ್‌ಲೈನ್’ ಎಂದು ಬರೆದಿದ್ದರೆ ಈ ಅನುಭವಸ್ಥ ಗುಮಾಸ್ತರು ಎರಡನೇ ಸಾಲಿಗೇ ಪತ್ರ ಮುಚ್ಚುತ್ತಿದ್ದರು. ಒಮ್ಮೆ ಬೇಡವೆಂದವರು ಪತ್ರವನ್ನು ಅನುಮಾನದಿಂದಲೇ ಓದುತ್ತಾರೆ, ಆಗದ್ದನ್ನು ನಾವೇ ಹೇಳಿದಾಗ ಆಗುತ್ತದೆ ಎಂದದ್ದನ್ನು ನಂಬುತ್ತಾರೆ.

ಬದಲಾದದ್ದು ಬೆಲೆಯಾಗಿದ್ದರೆ ಪತ್ರ ಇನ್ನೂ ಕಷ್ಟ. ‘ಈಗ 30 ಪರ್ಸೆಂಟ್ ಕಡಿಮೆ’ ಎಂದು ಬರೆದರೆ ಓದುವವರಿಗೆ ಮೊದಲು ಹೊಳೆಯುವುದು ಅಂದು ತಮ್ಮಿಂದ ಹೆಚ್ಚು ಕೇಳಿದ್ದರಲ್ಲ ಎಂಬುದು, ಎರಡನೆಯದು ಇನ್ನಷ್ಟು ಎಳೆದರೆ ಇನ್ನೂ ಇಳಿಸುತ್ತಾರೆ ಎಂಬುದು. ಇಳಿದದ್ದಕ್ಕೆ ಕಾರಣ ಇರಬೇಕು, ಅದನ್ನು ಹೇಳಬೇಕು. ಮೊದಲು 10 ಜನರ ಪ್ಯಾಕ್ ಮಾತ್ರ ಇತ್ತು, ನಿಮ್ಮಲ್ಲಿ ಬಳಸುವವರು ಮೂರೇ ಜನ, ಈಗ 3 ಜನರ ಪ್ಯಾಕ್ ಮಾಡಿದ್ದೇವೆ ಎಂದರೆ ಅದು ನಿಜವಾದ ಬದಲಾವಣೆ. ತಿಂಗಳ ಕೊನೆಯ ಟಾರ್ಗೆಟ್‌ಗಾಗಿ ಇಳಿಸಿದ ದರ ಬದಲಾವಣೆಯಲ್ಲ, ಅದನ್ನು ಹಿಡಿದು ಹಳಬರ ಬಾಗಿಲು ತಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಕಳಿಸಿದ ಮೇಲೆ ಎಷ್ಟು ಜನ ತೆರೆದರೆಂದು ಲೆಕ್ಕ ಹಾಕುತ್ತಾ ಕೂರುವುದರಿಂದ ಉಪಯೋಗವಿಲ್ಲ. ಇಮೇಲಿನಲ್ಲಿ ಅಡಗಿಸಿಟ್ಟ ಒಂದು ಪುಟ್ಟ ಚಿತ್ರ ಡೌನ್‌ಲೋಡ್ ಆದರೆ ‘ತೆರೆದರು’ ಎಂದು ಎಣಿಸುವುದು ಆ ಲೆಕ್ಕದ ವಿಧಾನ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್‌ನಲ್ಲಿ ಗೋಪ್ಯತೆಯ ಸೌಲಭ್ಯ ಚಾಲೂ ಇದ್ದರೆ, ಓದದ ಪತ್ರದ ಚಿತ್ರಗಳೂ ತಾವಾಗಿಯೇ ಡೌನ್‌ಲೋಡ್ ಆಗುತ್ತವೆ. ನೋಡಬೇಕಾದದ್ದು ಉತ್ತರವನ್ನು. ‘ಡೀಟೇಲ್ಸ್ ಕಳಿಸಿ’ ಎಂದರೆ ಅದು ಸಾಮಾನ್ಯವಾಗಿ ಬೇಡ ಎನ್ನುವ ಮರ್ಯಾದೆಯ ಮಾತು. 7 ಜನರಲ್ಲಿ ಇಬ್ಬರು ಹಾಗೆ ಬರೆದರು. ಒಬ್ಬರು ಈಗಿರುವುದೇ ಚೆನ್ನಾಗಿದೆ ಎಂದರು, ಅವರ ಹೆಸರನ್ನು ಪಟ್ಟಿಯಿಂದ ತೆಗೆದೆ. ಮೂವರು ಏನೂ ಬರೆಯಲಿಲ್ಲ. ಅವರಿಗೆ ನೆನಪಿಸುವ ಪತ್ರ ಕಳಿಸಲಿಲ್ಲ, ಯಾಕೆಂದರೆ ಹೊಸದಾಗಿ ಹೇಳುವುದು ಇರಲಿಲ್ಲ.

ಸಾಗರದ ಗುಮಾಸ್ತರಿಂದ ಒಂದೇ ಸಾಲಿನ ಪ್ರಶ್ನೆ ಬಂತು: “ಎರಡು ಕೌಂಟರಿಗೂ ಒಟ್ಟಿಗೇ ನೆಟ್ ಹೋದರೆ ಬಿಲ್ ನಂಬರ್ ಒಂದೇ ಬರುವುದಿಲ್ಲವೇ?” ಕೆಲಸ ಗೊತ್ತಿದ್ದವರು, ಬದಲಿಸುವ ಯೋಚನೆ ಇದ್ದವರು ಕೇಳುವ ಪ್ರಶ್ನೆ ಇದು. ಪ್ರತಿ ಕೌಂಟರಿಗೂ ಬೇರೆ ಸರಣಿ ಇಟ್ಟಿದ್ದೇವೆ, ಒಂದರ ನಂಬರ್ ‘ಎ’ಯಿಂದ, ಇನ್ನೊಂದರದು ‘ಬಿ’ಯಿಂದ ಶುರುವಾಗುತ್ತದೆ, ಜಿಎಸ್‌ಟಿ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಸರಣಿಗೆ ಅವಕಾಶವಿದೆ, ನಂಬರ್ 16 ಅಕ್ಷರ ಮೀರಬಾರದು ಅಷ್ಟೇ ಎಂದು ಅಂದೇ ಉತ್ತರ ಬರೆದೆ. ಮುಂದಿನ ವಾರ ಬರಹೇಳಿದರು.

ಲ್ಯಾಪ್‌ಟಾಪಿನಲ್ಲಿ ತೋರಿಸಲು ಹೊರಟ ನನ್ನನ್ನು ತಡೆದು ಅವರೇ ಎದ್ದು ಹೋಗಿ ಗೋಡೆಯ ರೂಟರಿನ ವೈರ್ ಕಿತ್ತರು. ತಕ್ಕಡಿಯ ಮೇಲೆ ಆಗಷ್ಟೇ ಬಂದಿದ್ದ ಚೀಲವೊಂದನ್ನು ಇಡಿಸಿ, “ಈಗ ಮಾಡಿ” ಎಂದರು. ಚೀಟಿ ಬಂತು. ಇನ್ನೊಂದು ಕೌಂಟರಿನಲ್ಲೂ ಒಂದು ಮಾಡಿಸಿ, ಎರಡನ್ನೂ ಅಕ್ಕಪಕ್ಕ ಹಿಡಿದು ನಂಬರ್ ನೋಡಿದರು. ಆಮೇಲೆ ವೈರನ್ನು ಮತ್ತೆ ಸಿಕ್ಕಿಸಿ, ಎರಡೂ ಲೆಕ್ಕಕ್ಕೆ ಸೇರುವವರೆಗೆ ಸ್ಕ್ರೀನಿನ ಮುಂದೆ ನಿಂತರು. ಫೆಬ್ರವರಿ ಪೂರ್ತಿ ಒಂದು ಕೌಂಟರಿನಲ್ಲಿ ಮಾತ್ರ ಹಳೆಯದರ ಜೊತೆಗೇ ನಡೆಸಿ ನೋಡೋಣ, ಒಂದು ಚೀಟಿ ತಪ್ಪಿದರೂ ಏಪ್ರಿಲ್ ಮಾತು ಬೇಡ ಎಂದರು. ಸರಿ ಎಂದೆ.