ಬಹುಪದೋಕ್ತಿಯ ಮೂಲಗಳಿಗೆ ಮಾತೃಕೆಯ ದಾರಿ

x³ − 2x² − 5x + 6 = 0 ಎಂಬ ಘನ ಸಮೀಕರಣವನ್ನು ಕಂಪ್ಯೂಟರಿಗೆ ಕೊಟ್ಟರೆ 1, 3 ಮತ್ತು −2 ಎಂಬ ಮೂರು ಮೂಲಗಳು ಕ್ಷಣಮಾತ್ರದಲ್ಲಿ ಬರುತ್ತವೆ. ಮ್ಯಾಟ್‌ಲ್ಯಾಬ್ ಆಗಲಿ, ಪೈಥಾನಿನ ನಂಪೈ ಆಗಲಿ, ಇವನ್ನು ಪಡೆಯಲು ಸಮೀಕರಣವನ್ನು ನೇರವಾಗಿ ಬಿಡಿಸುವುದಿಲ್ಲ. ಮೊದಲು ಅದರ ಸಹಗುಣಕಗಳಿಂದ ಒಂದು ಚೌಕ ಮಾತೃಕೆಯನ್ನು ಕಟ್ಟಿಕೊಂಡು, ಆ ಮಾತೃಕೆಯ ಐಗನ್ ಮೌಲ್ಯಗಳನ್ನು ಹುಡುಕುತ್ತವೆ. ಹೀಗೆ ಕಟ್ಟಿದ ಮಾತೃಕೆಗೆ ಸಂಗಾತಿ ಮಾತೃಕೆ, ಅಂದರೆ ಕಂಪ್ಯಾನಿಯನ್ ಮ್ಯಾಟ್ರಿಕ್ಸ್ ಎಂದು ಹೆಸರು.

ಕಟ್ಟುವ ಕೆಲಸ ತೀರಾ ಸುಲಭ. ಸಮೀಕರಣದಲ್ಲಿ x³ ಒಂದನ್ನೇ ಎಡಕ್ಕಿಟ್ಟು ಉಳಿದುದನ್ನು ಬಲಕ್ಕೆ ತಂದರೆ x³ = −6 + 5x + 2x² ಎಂದಾಗುತ್ತದೆ. ಬಲಬದಿಯ ಈ ಮೂರು ಸಂಖ್ಯೆಗಳೇ ಮಾತೃಕೆಯ ಕೊನೆಯ ಅಡ್ಡಸಾಲು. ಮೇಲಿನ ಸಾಲುಗಳಲ್ಲಿ ಸೊನ್ನೆಗಳೂ ಒಂದುಗಳೂ ಮಾತ್ರ ಇರುತ್ತವೆ:

```
 0   1   0
 0   0   1
-6   5   2
```

ಈ ಮಾತೃಕೆಗೆ ಮೂರು ಸಂಖ್ಯೆಗಳ ಒಂದು ಕಂಬಸಾಲನ್ನು ಕೊಟ್ಟರೆ ಏನು ಮಾಡುತ್ತದೆಂದು ನೋಡಬೇಕು. ಮೊದಲ ಅಡ್ಡಸಾಲು ಎರಡನೆಯ ಸಂಖ್ಯೆಯನ್ನು ಮೊದಲ ಸ್ಥಾನಕ್ಕೆ ಏರಿಸುತ್ತದೆ, ಎರಡನೆಯದು ಮೂರನೆಯ ಸಂಖ್ಯೆಯನ್ನು ಎರಡನೇ ಸ್ಥಾನಕ್ಕೆ ಏರಿಸುತ್ತದೆ. ಖಾಲಿಯಾದ ಮೂರನೇ ಸ್ಥಾನವನ್ನು ಕೊನೆಯ ಸಾಲು ಸಹಗುಣಕಗಳ ಲೆಕ್ಕದಂತೆ ತುಂಬುತ್ತದೆ. ಈಗ (1, 3, 9) ಎಂಬ ಸಾಲನ್ನು ಕೊಡೋಣ. ಇವು 3ರ ಸೊನ್ನೆಯ, ಒಂದರ, ಎರಡರ ಘಾತಗಳು. ಮೊದಲೆರಡು ಸ್ಥಾನಗಳಿಗೆ 3 ಮತ್ತು 9 ಬರುತ್ತವೆ. ಮೂರನೆಯದಕ್ಕೆ −6 + 15 + 18, ಅಂದರೆ 27. ಸಿಕ್ಕ (3, 9, 27) ಮೊದಲಿನ ಸಾಲಿನ ಸರಿಯಾಗಿ ಮೂರು ಪಟ್ಟು. ಮಾತೃಕೆಯೊಂದು ಯಾವುದಾದರೂ ಸಾಲನ್ನು ಹೀಗೆ ದಿಕ್ಕು ಕೆಡಿಸದೆ ಬರೀ ಒಂದು ಸಂಖ್ಯೆಯಿಂದ ಗುಣಿಸಿ ಕೊಟ್ಟರೆ, ಆ ಸಂಖ್ಯೆಯೇ ಅದರ ಐಗನ್ ಮೌಲ್ಯ. ಆದ್ದರಿಂದ 3 ಇಲ್ಲಿ ಐಗನ್ ಮೌಲ್ಯ. (1, −2, 4) ಕೊಟ್ಟರೆ (−2, 4, −8) ಬರುತ್ತದೆ, (1, 1, 1) ಹಾಗೆಯೇ ಉಳಿಯುತ್ತದೆ.

ಮೂಲವಲ್ಲದ ಸಂಖ್ಯೆಯನ್ನು ಕೊಟ್ಟು ನೋಡಿದರೆ ಒಳಗುಟ್ಟು ಇನ್ನಷ್ಟು ಸ್ಪಷ್ಟವಾಗುತ್ತದೆ. (1, 2, 4) ಕೊಟ್ಟಾಗ (2, 4, 12) ಸಿಗುತ್ತದೆ. ಎರಡು ಪಟ್ಟಾಗಲು ಕೊನೆಗೆ 8 ಇರಬೇಕಿತ್ತು, ಬಂದದ್ದು 12. ಈ 4ರ ವ್ಯತ್ಯಾಸ ಎಲ್ಲಿಂದಲೋ ಬಂದದ್ದಲ್ಲ: ಬಹುಪದೋಕ್ತಿಯಲ್ಲಿ x = 2 ಎಂದು ಹಾಕಿದರೆ 8 − 8 − 10 + 6, ಅಂದರೆ −4 ಬರುತ್ತದೆ. ಚಿಹ್ನೆಯೊಂದನ್ನು ಬಿಟ್ಟರೆ ಎರಡೂ ಒಂದೇ. ಬಹುಪದೋಕ್ತಿಯ ಬೆಲೆ ಸೊನ್ನೆಯಾದಾಗ ಮಾತ್ರ ಮಾತೃಕೆಯ ಲೆಕ್ಕವೂ ಹೊಂದುತ್ತದೆ. ಮೂಲಗಳೂ ಐಗನ್ ಮೌಲ್ಯಗಳೂ ಒಂದೇ ಆಗಿರುವುದಕ್ಕೆ ಇಷ್ಟೇ ಕಾರಣ, ಘಾತ ಮೂರಾದರೂ ಮೂವತ್ತಾದರೂ ಇದು ಬದಲಾಗುವುದಿಲ್ಲ.

ಇಲ್ಲೊಂದು ತಮಾಷೆಯಿದೆ. ಕಾಲೇಜಿನ ಪಾಠದಲ್ಲಿ ಹೇಳಿಕೊಡುವುದು ಇದಕ್ಕೆ ತದ್ವಿರುದ್ಧ ಕ್ರಮ: ಮಾತೃಕೆಯ ಐಗನ್ ಮೌಲ್ಯ ಬೇಕೆಂದರೆ ನಿರ್ಧಾರಕವನ್ನು ವಿಸ್ತರಿಸಿ ಬಹುಪದೋಕ್ತಿ ಪಡೆಯಬೇಕು, ಆಮೇಲೆ ಅದರ ಮೂಲಗಳನ್ನು ಹುಡುಕಬೇಕು. ಪರೀಕ್ಷೆಯ 2×2 ಅಥವಾ 3×3 ಲೆಕ್ಕಕ್ಕೆ ಅದು ಸಾಕು. ಆದರೆ ಐದು ಅಥವಾ ಹೆಚ್ಚಿನ ಘಾತದ ಎಲ್ಲ ಸಮೀಕರಣಗಳಿಗೂ ಹೊಂದುವಂಥ, ಕೂಡು-ಕಳೆ-ಗುಣಿಸು-ಭಾಗಿಸು ಮತ್ತು ಮೂಲಚಿಹ್ನೆಗಳಿಂದಷ್ಟೇ ಆದ ಸೂತ್ರ ಇರಲಾರದು ಎಂದು ನಾರ್ವೆಯ ಏಬೆಲ್ 1824ರಲ್ಲಿ ಸಾಧಿಸಿ ತೋರಿಸಿದ. ಪ್ರತಿ ಬಹುಪದೋಕ್ತಿಗೂ ಒಂದು ಸಂಗಾತಿ ಮಾತೃಕೆ ಇರುವುದರಿಂದ ಈ ನಿಷೇಧ ಮಾತೃಕೆಗಳಿಗೂ ದಾಟುತ್ತದೆ. 5×5 ಅಥವಾ ಅದಕ್ಕಿಂತ ದೊಡ್ಡ ಮಾತೃಕೆಗಳ ಐಗನ್ ಮೌಲ್ಯಕ್ಕೆ ಅಂಥ ಸೂತ್ರವಿಲ್ಲ. ಹಂತ ಹಂತವಾಗಿ ಉತ್ತರದ ಹತ್ತಿರ ಹೋಗುವುದೊಂದೇ ದಾರಿ.

ಅಂಥ ಅತಿ ಸರಳ ದಾರಿ ಎಂದರೆ ಮಾತೃಕೆಯನ್ನು ಒಂದೇ ಸಾಲಿಗೆ ಮತ್ತೆ ಮತ್ತೆ ಪ್ರಯೋಗಿಸುವುದು. (0, 0, 1)ರಿಂದ ಹೊರಟರೆ ಕೊನೆಯ ಸ್ಥಾನದಲ್ಲಿ ಕ್ರಮವಾಗಿ 2, 9, 22, 77, 210, 673, 1934, 5973 ಬರುತ್ತವೆ. ಒಂದೊಂದನ್ನೂ ಅದರ ಹಿಂದಿನದರಿಂದ ಭಾಗಿಸಿದರೆ ಕೊನೆಯ ಮೂರು ಭಾಗಲಬ್ಧಗಳು 3.20, 2.87, 3.09. ಅವು 3ರ ಆಚೀಚೆ ತೂಗಾಡುತ್ತ ಅದರತ್ತ ಸರಿಯುತ್ತಿವೆ, ಏಕೆಂದರೆ ಚಿಹ್ನೆ ಬಿಟ್ಟು ನೋಡಿದಾಗ ಮೂಲಗಳಲ್ಲಿ 3 ಎಲ್ಲಕ್ಕಿಂತ ದೊಡ್ಡದು. ತೂಗಾಟಕ್ಕೆ ಕಾರಣ −2. ಆದರೆ ಈ ವಿಧಾನ ನಿಧಾನ, ಮೇಲಾಗಿ ಸಿಗುವುದು ಒಂದೇ ಮೂಲ.

ಎಲ್ಲ ಮೂಲಗಳನ್ನೂ ಒಟ್ಟಿಗೆ ಕೊಡುವುದು ಕ್ಯೂಆರ್ ವಿಧಾನ. ಇಂಗ್ಲೆಂಡಿನ ಜಾನ್ ಫ್ರಾನ್ಸಿಸ್ ಮತ್ತು ಸೋವಿಯತ್ ಒಕ್ಕೂಟದ ವೆರಾ ಕುಬ್ಲನೋವ್‌ಸ್ಕಾಯಾ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ 1961ರ ಸುಮಾರಿಗೆ ಇದನ್ನು ಪ್ರಕಟಿಸಿದರು. ಮಾತೃಕೆಯನ್ನು Q ಮತ್ತು R ಎಂಬ ಎರಡರ ಗುಣಲಬ್ಧವಾಗಿ ಒಡೆಯಲಾಗುತ್ತದೆ. Qಯ ಕಂಬಸಾಲುಗಳು ಪರಸ್ಪರ ಲಂಬವಾಗಿರುತ್ತವೆ, Rನಲ್ಲಿ ಕರ್ಣದ ಕೆಳಗೆಲ್ಲ ಸೊನ್ನೆ. ಆಮೇಲೆ ಅವೆರಡನ್ನೂ ಹಿಂದುಮುಂದಾಗಿ, RQ ಎಂದು ಗುಣಿಸಲಾಗುತ್ತದೆ. ಹೊಸ ಮಾತೃಕೆಯ ಸಂಖ್ಯೆಗಳು ಬೇರೆ, ಐಗನ್ ಮೌಲ್ಯಗಳು ಮಾತ್ರ ಅವೇ. ಇದನ್ನು ಮರಳಿ ಮರಳಿ ಮಾಡಿದಂತೆ ನಮ್ಮ ಉದಾಹರಣೆಯಲ್ಲಿ ಕರ್ಣದ ಕೆಳಗಿನ ಸಂಖ್ಯೆಗಳು ಕರಗಿ, ಕರ್ಣದ ಮೇಲೆ ಮೂಲಗಳು ಉಳಿಯುತ್ತವೆ. ಪ್ರತಿ ಹೆಜ್ಜೆಯಲ್ಲೂ ಒಂದು ಅಂದಾಜು ಮೂಲವನ್ನು ಕರ್ಣದಿಂದ ಕಳೆದು ಮತ್ತೆ ಕೂಡಿಸುವ ಉಪಾಯ ಸೇರಿಸಿದಾಗ ಈ ವಿಧಾನಕ್ಕೆ ನಿಜವಾದ ವೇಗ ಬರುತ್ತದೆ. ಫ್ರಾನ್ಸಿಸ್ ಬೇಗನೆ ಈ ಕ್ಷೇತ್ರವನ್ನೇ ಬಿಟ್ಟರು. 2007ರಲ್ಲಿ ಗಣಿತಜ್ಞರು ಹುಡುಕಿ ಮಾತಾಡಿಸುವವರೆಗೂ ತಮ್ಮ ವಿಧಾನ ಲೋಕವೆಲ್ಲ ಬಳಕೆಯಲ್ಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಬಳಸುವವರಿಗೆ ಇದೆಲ್ಲ ಎರಡು ಸಾಲಿನ ಕೆಲಸ:

```python
import numpy as np
print(np.roots([1, -2, -5, 6]))
```

ನಂಪೈ ಸಹಗುಣಕಗಳನ್ನು ಕೊನೆಯ ಸಾಲಿನ ಬದಲು ಮೊದಲ ಸಾಲಿನಲ್ಲಿಡುತ್ತದೆ. ಉತ್ತರಕ್ಕೆ ಅದರಿಂದ ವ್ಯತ್ಯಾಸವಿಲ್ಲ.

ಆದರೆ ಬಂದ ಉತ್ತರವನ್ನೆಲ್ಲ ಕಣ್ಣುಮುಚ್ಚಿ ನಂಬುವಂತಿಲ್ಲ. (x − 1)³ ಎಂಬುದನ್ನು ಬಿಡಿಸಿ `np.roots([1, -3, 3, -1])` ಎಂದು ಕೇಳಿದರೆ ಮೂರು ಬಾರಿ 1 ಬರಬೇಕು. ಬರುವುದು 1ರ ಸುತ್ತ ಸಣ್ಣ ತ್ರಿಕೋನದಂತೆ ಕೂತ ಮೂರು ಸಂಖ್ಯೆಗಳು, ಎರಡರಲ್ಲಿ ಸಂಮಿಶ್ರ ಭಾಗವೂ ಸೇರಿಕೊಂಡಿರುತ್ತದೆ. ಕಂಪ್ಯೂಟರ್ ಸುಮಾರು 16 ಅಂಕಿಗಳವರೆಗೆ ಲೆಕ್ಕವಿಡುತ್ತದೆ. ಮೂರು ಮೂಲಗಳು ಒಂದೇ ಕಡೆ ಕೂಡಿದಾಗ ಅದರಲ್ಲಿ ಮೂರನೇ ಒಂದು ಪಾಲು, ಐದಾರು ಅಂಕಿಗಳಷ್ಟೇ ಭರವಸೆಗೆ ಉಳಿಯುತ್ತವೆ. ತಪ್ಪಿದ ಮೂಲವನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡಿದರೂ ಪ್ರಯೋಜನವಿಲ್ಲ: ಅಷ್ಟು ಸಣ್ಣ ತಪ್ಪಿನ ಘನ ಹೆಚ್ಚುಕಡಿಮೆ ಸೊನ್ನೆಯೇ. ಹೀಗೆ ಒತ್ತೊತ್ತಾಗಿ ಗುಂಪುಗೂಡಿದ ಉತ್ತರಗಳು ಕಂಡರೆ ಅಲ್ಲಿ ಪುನರಾವರ್ತಿತ ಮೂಲವಿದೆಯೇ ಎಂದು ಅನುಮಾನಿಸಬೇಕು.

ಮೂಲಗಳು ದೂರ ದೂರವಿದ್ದರೂ ಅಪಾಯ ತಪ್ಪಿದ್ದಲ್ಲ ಎಂಬುದನ್ನು ಬ್ರಿಟನ್ನಿನ ಜೇಮ್ಸ್ ವಿಲ್ಕಿನ್ಸನ್ ತೋರಿಸಿದರು. 1ರಿಂದ 20ರವರೆಗಿನ ಪೂರ್ಣಾಂಕಗಳನ್ನೇ ಮೂಲಗಳಾಗಿ ಹೊಂದಿದ ಬಹುಪದೋಕ್ತಿಯಲ್ಲಿ x¹⁹ರ ಸಹಗುಣಕ −210. ಅದನ್ನು ಒಂದು ಕೋಟಿಯಲ್ಲಿ ಸುಮಾರು ಒಂದು ಪಾಲಿನಷ್ಟು, ಸರಿಯಾಗಿ 2⁻²³ರಷ್ಟು ಕಡಿಮೆ ಮಾಡಿದರೆ ಹತ್ತು ಮೂಲಗಳು ಸಂಮಿಶ್ರ ಸಂಖ್ಯೆಗಳಾಗಿಬಿಡುತ್ತವೆ. 16 ಮತ್ತು 17ರ ಜಾಗದಲ್ಲಿ ಸುಮಾರು 16.73 ± 2.81i ಬರುತ್ತದೆ. ಇದು ಸಂಗಾತಿ ಮಾತೃಕೆಯ ದೋಷವಲ್ಲ, ಕ್ಯೂಆರ್ ವಿಧಾನದ್ದೂ ಅಲ್ಲ. ಸಹಗುಣಕಗಳ ಮೂಲಕ ಮೂಲಗಳನ್ನು ಹೇಳುವ ಕ್ರಮವೇ ಇಲ್ಲಿ ಸೂಕ್ಷ್ಮ, ಬರೆಯುವಾಗಿನ ಸಣ್ಣ ಸಡಿಲಿಕೆಯೂ ಉತ್ತರದಲ್ಲಿ ದೊಡ್ಡದಾಗುತ್ತದೆ.

ಆದ್ದರಿಂದ ಲೆಕ್ಕ ಬಹುಪದೋಕ್ತಿಯಾಗಿಯೇ ಕೈಗೆ ಬಂದಿದ್ದರೆ ಸಂಗಾತಿ ಮಾತೃಕೆಯನ್ನು ಧಾರಾಳವಾಗಿ ಬಳಸಬಹುದು. ಸೇತುವೆಯ ಕಂಪನದಂಥ ಪ್ರಶ್ನೆಯೊಂದು ಮೊದಲೇ ಮಾತೃಕೆಯಾಗಿ ಸಿಕ್ಕಿದ್ದರೆ, ಅದನ್ನು ಬಿಡಿಸಿ ಬಹುಪದೋಕ್ತಿ ಮಾಡುವ ಗೋಜಿಗೆ ಹೋಗದೆ ಐಗನ್ ಮೌಲ್ಯಗಳನ್ನು ಆ ಮಾತೃಕೆಯಿಂದಲೇ ಪಡೆಯಬೇಕು.