ರೆಫರ್ ಮಾಡಿದ ಅಕ್ಕನಿಗೆ ಆಮೇಲೇನಾಯಿತು ಗೊತ್ತಿಲ್ಲ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಕಾಲೇಜು ಸೀನಿಯರ್‌ಗೆ ವಾಟ್ಸ್‌ಆಪ್‌ನಲ್ಲಿ ರೆಸ್ಯೂಮೆ ಕಳಿಸಿದಳು ಎಂದಿಟ್ಟುಕೊಳ್ಳಿ. ಸೀನಿಯರ್ ಊಟದ ಬಿಡುವಿನಲ್ಲಿ ಕಂಪನಿಯ ಪೋರ್ಟಲ್ ತೆರೆದು, ಜಾಬ್ ಐಡಿ ಹುಡುಕಿ, ‘ಈಕೆ ನಿಮಗೆ ಹೇಗೆ ಪರಿಚಯ’ ಎಂಬಲ್ಲಿ ಎರಡು ಸಾಲು ಬರೆದು ರೆಫರ್ ಮಾಡುತ್ತಾರೆ. ‘ಥ್ಯಾಂಕ್ಯೂ ಅಕ್ಕಾ’ ಎಂಬ ಮೆಸೇಜು ಬರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಹುಡುಗಿ ಕೃತಘ್ನಳೇನಲ್ಲ. ಒಳಗಿರುವವರಿಗೆ ಎಲ್ಲವೂ ಗೊತ್ತಾಗಿರುತ್ತದೆ ಎಂದುಕೊಂಡಿದ್ದಾಳೆ, ಅಷ್ಟೆ. ಆದರೆ ಸಾಮಾನ್ಯವಾಗಿ ರೆಫರ್ ಮಾಡಿದವರ ಪೋರ್ಟಲ್‌ನಲ್ಲಿ ಕಾಣುವುದು ‘ಪರಿಶೀಲನೆಯಲ್ಲಿದೆ’, ‘ಆಯ್ಕೆಯಾಗಿಲ್ಲ’ ಎಂಬಂಥ ಒಂದೆರಡು ಪದ ಮಾತ್ರ. ಎಷ್ಟು ರೌಂಡ್ ಆಯಿತು, ಎಲ್ಲಿ ಎಡವಿದಳು ಎಂಬುದನ್ನು ಎಚ್‌ಆರ್ ಹೇಳುವುದು ಅಪರೂಪ.

ಬೇರೆ ದಾರಿಯಿಂದ ಸುದ್ದಿ ತಲುಪುವುದೂ ಕಷ್ಟ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಹೆಸರಾಂತ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರಲ್ಲಿ ಹೆಚ್ಚಿನವರಿಗೆ ನೆರವಾದದ್ದು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು ಎಂದು ತೋರಿಸಿದ್ದರು. ಸೋದರಮಾವ ಕೆಲಸಕ್ಕೆ ಹೇಳಿದ್ದರೆ ಫಲಿತಾಂಶ ಮುಂದಿನ ಗೃಹಪ್ರವೇಶದೊಳಗೆ ಅವರ ಕಿವಿಗೆ ಬಿದ್ದಿರುತ್ತದೆ. ಸೀನಿಯರ್‌ಗೆ ಹುಡುಗಿಯೇ ಹೇಳಬೇಕು.

ಹೇಳುವ ಸಂದರ್ಭ ಮೂರು: ರೆಫರ್ ಆದ ದಿನ, ಸಂದರ್ಶನಕ್ಕೆ ಕರೆ ಬಂದಾಗ, ಫಲಿತಾಂಶ ತಿಳಿದಾಗ. ಮೊದಲೆರಡಕ್ಕೆ ಒಂದು ಸಾಲು ಸಾಕು. ಜನ ತಪ್ಪಿಸುವುದು ಮೂರನೆಯದನ್ನು, ಅದರಲ್ಲೂ ಕೆಲಸ ಸಿಗದಿದ್ದಾಗ. ಮುಖ ತೋರಿಸಲು ಸಂಕೋಚ. ವಾರ ಕಳೆದಂತೆ ಸಂಕೋಚ ಬೆಳೆಯುತ್ತದೆ, ಮೆಸೇಜು ಹೋಗುವುದೇ ಇಲ್ಲ. ಬರೆಯಬೇಕಾದದ್ದಾದರೂ ಇಷ್ಟೇ: ‘ಅಕ್ಕಾ, ನಿನ್ನೆ ಎಚ್‌ಆರ್ ಮೇಲ್ ಬಂತು, ಆಗಲಿಲ್ಲ. ಎರಡು ರೌಂಡ್ ದಾಟಿದ್ದೆ, ಮೂರನೆಯದರಲ್ಲಿ ಡೇಟಾಬೇಸ್ ಪ್ರಶ್ನೆಗಳಿಗೆ ತಡವರಿಸಿದೆ. ನೀವು ರೆಫರ್ ಮಾಡಿದ್ದರಿಂದಲೇ ಅಲ್ಲಿವರೆಗೆ ಹೋದೆ.’ ಎಲ್ಲಿ ಎಡವಿದ್ದು ಎಂದು ಬರೆದರೆ ಮುಂದಿನವರನ್ನು ರೆಫರ್ ಮಾಡುವಾಗ ಸೀನಿಯರ್‌ಗೂ ಉಪಯೋಗ. ಇದರ ಬಾಲಕ್ಕೆ ‘ಯಾಕೆ ತಗೊಳ್ಳಲಿಲ್ಲ ಅಂತ ಒಂಚೂರು ವಿಚಾರಿಸ್ತೀರಾ’ ಎಂದು ಸೇರಿಸಿದರೆ ಮಾತ್ರ ಥ್ಯಾಂಕ್ಸು ಹೋಗಿ ಹೊಸ ಕೆಲಸ ಹಚ್ಚಿದಂತಾಗುತ್ತದೆ.

ಕೆಲಸ ಸಿಕ್ಕರೆ ಸೇರುವ ತಾರೀಕನ್ನೂ ತಿಳಿಸುವುದು ಒಳ್ಳೆಯದು. ಹಲವು ಕಂಪನಿಗಳಲ್ಲಿ ರೆಫರಲ್ ಬೋನಸ್ ಕೈಸೇರುವುದು ಹೊಸಬರು ಕೆಲವು ತಿಂಗಳು ಉಳಿದ ಮೇಲೆಯೇ. (ಅದರಲ್ಲಿ ಪಾಲು ಕೇಳುವವರೂ ಇದ್ದಾರೆ! ಬೋನಸ್ ಸೀನಿಯರ್‌ಗೆ ಸೇರಿದ್ದು.) ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕು ಆಫರ್ ಬಿಡುವುದಾದರೆ, ಎಚ್‌ಆರ್‌ಗೆ ಮೇಲ್ ಹಾಕುವ ಮುಂಚೆ ಸೀನಿಯರ್‌ಗೆ ಫೋನ್ ಮಾಡಬೇಕು. ಕ್ಯಾಂಟೀನಿನಲ್ಲಿ ಮ್ಯಾನೇಜರ್ ‘ನಿಮ್ಮ ಹುಡುಗಿ ಬರಲ್ವಂತಲ್ಲ’ ಎಂದಾಗ ಅವರು ತಬ್ಬಿಬ್ಬಾಗಬಾರದು.

ಒಮ್ಮೆ ಬೇಡವೆಂದವರಿಗೆ ಕೆಲವು ತಿಂಗಳ ನಂತರ ಮತ್ತೆ ಅರ್ಜಿ ಹಾಕಲು ಬಿಡುವ ಕಂಪನಿಗಳು ಬಹಳ. ಆಗ ಹುಡುಗಿ ‘ಅಕ್ಕಾ, ಇನ್ನೊಂದು ಸಹಾಯ’ ಎಂದು ಬರೆಯುವುದು ಅದೇ ಚಾಟ್‌ನಲ್ಲಿ. ಅದರ ಮೇಲಿನ ಕೊನೆಯ ಮೆಸೇಜು ಯಾವುದೆಂದು ಸೀನಿಯರ್ ಕಣ್ಣಿಗೂ ಬೀಳುತ್ತದೆ.